ಸಂಪ್ ತೊಳೆಯುವವರ ಜಾಹೀರಾತು ಲೆಕ್ಕ

ಮನೆಯ ಸಂಪ್ ತೊಳೆಸಬೇಕು, ಯಾರನ್ನು ಕರೆಯುವುದು ಗೊತ್ತಿಲ್ಲ. ಮೈಸೂರಿನ ಗೃಹಿಣಿಯೊಬ್ಬರು ಗೂಗಲ್‌ನಲ್ಲಿ sump cleaning mysore ಎಂದು ಹುಡುಕುತ್ತಾರೆ. ಎಲ್ಲಕ್ಕಿಂತ ಮೇಲೆ Sponsored ಎಂಬ ಗುರುತಿನೊಂದಿಗೆ ಬರುವ ಹೆಸರುಗಳು ಜಾಹೀರಾತು. ಹೆಸರು ಕಂಡರೆ ಅಂಗಡಿಯವರ ದುಡ್ಡು ಹೋಗುವುದಿಲ್ಲ, ಅದನ್ನು ಒತ್ತಿದರೆ ಹೋಗುತ್ತದೆ. ಒಂದು ಕ್ಲಿಕ್ಕಿಗೆ ಎಷ್ಟು ಎಂಬುದು ಪ್ರತಿ ಹುಡುಕಾಟದಲ್ಲೂ ನಡೆಯುವ ಹರಾಜಿನಲ್ಲಿ ತೀರ್ಮಾನವಾಗುತ್ತದೆ. ಹೆಚ್ಚು ಕೂಗಿದವರೇ ಮೇಲೆ ಬರಬೇಕೆಂದಿಲ್ಲ. ಹುಡುಕಿದ ಮಾತಿಗೆ ಜಾಹೀರಾತು ಎಷ್ಟು ಹೊಂದುತ್ತದೆ ಎಂಬುದನ್ನೂ ಗೂಗಲ್ ನೋಡುತ್ತದೆ.

ಸಣ್ಣ ವ್ಯಾಪಾರಿಗಳ ಪರವಾಗಿ ಇಂಥ ಜಾಹೀರಾತು ನಡೆಸಿಕೊಡುವುದೇ ಈಗ ಊರೂರಿನಲ್ಲೂ ಒಂದು ಕಸುಬು. ಅದರಲ್ಲಿ ಅತಿ ಕಷ್ಟದ ಭಾಗ ಕಂಪ್ಯೂಟರಿನಲ್ಲಿ ಇಲ್ಲ. ದಿನಕ್ಕೆ ಎಷ್ಟು ಹಾಕಬೇಕು, ತಿಂಗಳ ಕೊನೆಗೆ ಏನು ಸಿಕ್ಕಿತು ಎಂಬುದನ್ನು ಮಾಲೀಕರಿಗೆ ಅರ್ಥವಾಗುವಂತೆ ಹೇಳುವುದರಲ್ಲಿದೆ.

ಬಜೆಟ್ಟನ್ನು ಲಾಭದಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಉದಾಹರಣೆಗೆ, ಒಂದು ಸಂಪ್ ತೊಳೆದರೆ ಕೂಲಿ, ಪೆಟ್ರೋಲು ಎಲ್ಲ ಕಳೆದು ಮಾಲೀಕರ ಕೈಯಲ್ಲಿ 500 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ನೂರು ಜನ ಜಾಹೀರಾತು ಒತ್ತಿದರೆ 15 ಮಂದಿ ಫೋನ್ ಮಾಡುತ್ತಾರೆ, ಅವರಲ್ಲಿ ಐದು ಮಂದಿ ಕೆಲಸ ಕೊಡುತ್ತಾರೆ. ಅಂದರೆ ನೂರು ಕ್ಲಿಕ್ಕಿಗೆ 2,500 ರೂಪಾಯಿ ಲಾಭ. ಕ್ಲಿಕ್ಕಿಗೆ 25 ರೂಪಾಯಿ ಕೊಟ್ಟರೆ ಅಷ್ಟೂ ಹೋಯಿತು. ತೆರಿಗೆಯೂ ನಡೆಸುವವರ ಸಂಬಳವೂ ಇದರಲ್ಲೇ ಹೊರಡಬೇಕಾದ್ದರಿಂದ 12 ರೂಪಾಯಿ ಆಸುಪಾಸಿನಲ್ಲಿ ನಿಲ್ಲುವುದು ಕ್ಷೇಮ. 15, ಐದು ಎಂಬ ಸಂಖ್ಯೆಗಳು ಮೊದಲ ತಿಂಗಳು ಬರೀ ಅಂದಾಜು. ಆಮೇಲೆ ಅಂಗಡಿಯ ಫೋನ್ ಪಕ್ಕದ ಡೈರಿಯೇ ಆಧಾರ: ಕರೆ ಮಾಡಿದವರು ಯಾರು, ನಮ್ಮ ಹೆಸರು ಎಲ್ಲಿ ನೋಡಿದರು, ಕೆಲಸ ಆಯಿತೇ.

ದಿನಕ್ಕೆ 150 ರೂಪಾಯಿ ಇಟ್ಟು ಆರಂಭಿಸಿದರು ಎನ್ನಿ. ನಾಲ್ಕನೇ ದಿನ 290 ಖರ್ಚಾಗಿರುವುದು ಕಂಡು ಮಾಲೀಕರು ಗಾಬರಿಯಿಂದ ಫೋನ್ ಮಾಡಬಹುದು. ಹುಡುಕುವವರು ಜಾಸ್ತಿ ಇದ್ದ ದಿನ ಗೂಗಲ್ ದಿನದ ಮೊತ್ತದ ಎರಡರಷ್ಟರವರೆಗೆ ಖರ್ಚು ಮಾಡುತ್ತದೆ. ಆದರೆ ಇಡೀ ತಿಂಗಳಿಗೆ ದಿನದ ಮೊತ್ತದ 30.4 ಪಟ್ಟು ದಾಟಿ ವಸೂಲು ಮಾಡುವುದಿಲ್ಲ. ಇಲ್ಲಿ ಅದು 4,560 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ ಸುಮಾರು 5,380. ಇದನ್ನು ಮೊದಲೇ ಹೇಳಿಟ್ಟರೆ ಅರ್ಧ ಜಗಳ ತಪ್ಪುತ್ತದೆ.

ತಿಂಗಳು ಮುಗಿಯಿತು. 380 ಕ್ಲಿಕ್ ಬಂದವು, ಕೆಲಸ ಆದದ್ದು ಹತ್ತೇ. ಲೆಕ್ಕದಂತೆ 19 ಆಗಬೇಕಿತ್ತು. ಎಲ್ಲಿ ಸೋರಿತು?

ಜನ ನಿಜವಾಗಿ ಏನು ಟೈಪ್ ಮಾಡಿ ಬಂದರು ಎಂಬುದನ್ನು Search terms ಎಂಬ ಪಟ್ಟಿ ತೋರಿಸುತ್ತದೆ. ಅದರಲ್ಲಿ water tank 1000 litre price ಇದೆ, tank cleaning job ಇದೆ. ಟ್ಯಾಂಕ್ ಕೊಳ್ಳುವವರು, ಕೆಲಸ ಹುಡುಕುವವರು ಸೇರಿ 120 ಕ್ಲಿಕ್. ಸುಮಾರು 1,440 ರೂಪಾಯಿ ನೀರಿಗೆ ಹಾಕಿದಂತೆ. price, job ಇಂಥ ಪದಗಳನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ ಸೇರಿಸಿದರೆ ಆ ಹುಡುಕಾಟಗಳಿಗೆ ಜಾಹೀರಾತು ಬರುವುದಿಲ್ಲ. ಆದರೆ ಕೈ ಹಿಡಿತ ಇರಲಿ: sump cleaning price ಎಂದು ಹುಡುಕುವವರು ಒಳ್ಳೆಯ ಗಿರಾಕಿಗಳೇ. ಹಾಗಾಗಿ price ಒಂದನ್ನೇ ತಡೆಯುವ ಬದಲು tank price, litre price ಎಂದು ಜೋಡಿಯಾಗಿ ತಡೆಯುವುದು ಲೇಸು.

ಇನ್ನೊಂದು ಸೋರಿಕೆ ಡೈರಿಯಲ್ಲೇ ಸಿಕ್ಕಿತು. ರಾತ್ರಿ ಎಂಟರ ಮೇಲೆ ಬಂದ ಒಂಬತ್ತು ಕರೆಗಳನ್ನು ಯಾರೂ ಎತ್ತಿಲ್ಲ. ಫೋನ್ ಎತ್ತುವ ಹೊತ್ತಿಗೆ ಮಾತ್ರ ಜಾಹೀರಾತು ಓಡುವಂತೆ ವೇಳೆ ಕಟ್ಟಬಹುದು. ಊರಿನ ಆಯ್ಕೆಯನ್ನೂ ಒಮ್ಮೆ ತೆರೆದು ನೋಡಬೇಕು. ತಾನಾಗಿ ಇರುವ ಆಯ್ಕೆಯಲ್ಲಿ ಮೈಸೂರಿನಲ್ಲಿರುವವರ ಜೊತೆ ಮೈಸೂರಿನ ಬಗ್ಗೆ ಆಸಕ್ತಿ ತೋರಿದ ಹೊರಗಿನವರೂ ಸೇರಿರುತ್ತಾರೆ. ಸಂಪ್ ತೊಳೆಯುವವರಿಗೆ ಅವರಿಂದ ಏನೂ ಗಿಟ್ಟದು.

ಇನ್ನು ವರದಿ. ಹಲವರು 9,000 ಇಂಪ್ರೆಷನ್, ಇಷ್ಟು ಸಿಟಿಆರ್ ಎಂದು ಬಣ್ಣದ ಗ್ರಾಫ್ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಮಾಲೀಕರಿಗೆ ಬೇಕಾದದ್ದು ನಾಲ್ಕು ಸಾಲಿನ ವಾಟ್ಸಾಪ್ ಸಂದೇಶ: “ಸರ್, ಈ ತಿಂಗಳು ಜಾಹೀರಾತಿಗೆ 5,380, ನನ್ನ ಫೀಸು 3,000, ಒಟ್ಟು 8,380 ಖರ್ಚು. ಹತ್ತು ಕೆಲಸದಿಂದ ನಿಮಗೆ ಉಳಿದದ್ದು 5,000. ಅಂದರೆ 3,380 ನಷ್ಟ. ಟ್ಯಾಂಕ್ ಕೊಳ್ಳುವವರನ್ನು, ರಾತ್ರಿ ಕರೆಗಳನ್ನು ತಡೆದಿದ್ದೇನೆ. ಮುಂದಿನ ತಿಂಗಳು 19 ಕೆಲಸ ಆದರೆ ಸುಮಾರು 1,100 ಉಳಿಯುತ್ತದೆ.” ತನ್ನ ಫೀಸನ್ನೂ ಖರ್ಚಿಗೆ ಸೇರಿಸಿ ನಷ್ಟವನ್ನು ನಷ್ಟವೆಂದೇ ಬರೆಯುವವರ ಮಾತನ್ನು ಮಾಲೀಕರು ಎರಡನೇ ತಿಂಗಳೂ ಕೇಳುತ್ತಾರೆ.

ಮೂರು ತಿಂಗಳಾದರೂ ಲೆಕ್ಕ ಕೂಡದಿದ್ದರೆ ಬಜೆಟ್ ಏರಿಸಿ ಫಲವಿಲ್ಲ. ಊರಿನಲ್ಲಿ ಸಂಪ್ ತೊಳೆಸಲು ಹುಡುಕುವವರು ಇರುವಷ್ಟೇ ಇರುತ್ತಾರೆ. ದುಡ್ಡು ಹೆಚ್ಚಿಟ್ಟರೆ ಅವರ ಸಂಖ್ಯೆ ಬೆಳೆಯುವುದಿಲ್ಲ. ಆಗ ಜಾಹೀರಾತು ನಿಲ್ಲಿಸಿ ಎನ್ನುವುದೂ ಈ ಸೇವೆಯ ಭಾಗವೇ. ಮಾಲೀಕರೂ ಒಂದನ್ನು ಮೊದಲ ದಿನವೇ ಕೇಳಿ ಪಡೆಯಬೇಕು: ಗೂಗಲ್ ಆಡ್ಸ್ ಖಾತೆ ಅವರ ಇಮೇಲಿನಲ್ಲೇ ಇರಲಿ, ನಡೆಸುವವರಿಗೆ ಒಳಬರಲು ಅನುಮತಿ ಮಾತ್ರ ಸಿಗಲಿ. ಆಗ ಆಳು ಬದಲಾದರೂ ಯಾವ ಹುಡುಕಾಟ ಕೆಲಸ ತಂದಿತು, ಯಾವುದು ದುಡ್ಡು ನುಂಗಿತು ಎಂಬ ದಾಖಲೆ ಅಂಗಡಿಯಲ್ಲೇ ಉಳಿಯುತ್ತದೆ.