ಮಗಳಿಗೆ ಬೆಂಗಳೂರಲ್ಲಿ ಬಾಡಿಗೆ ಮನೆ: ಓನರ್‌ಗೆ ಕಳಿಸುವ ಮೊದಲ ಮೆಸೇಜು

ಸಿಇಟಿ ಸೀಟು ಹಂಚಿಕೆ ಮುಗಿಯುತ್ತಿದ್ದಂತೆ ಬೆಂಗಳೂರಿನ ಕಾಲೇಜುಗಳ ಸುತ್ತಮುತ್ತ ಮನೆ ಹುಡುಕಾಟ ಶುರುವಾಗುತ್ತದೆ. ಹಾಸ್ಟೆಲ್ ಸಿಗದವರು, ಪಿಜಿ ಊಟ ಒಗ್ಗದವರು ಇಬ್ಬರು ಮೂವರು ಸೇರಿ ಬಾಡಿಗೆ ಮನೆ ಮಾಡುತ್ತಾರೆ. ಹುಡುಕುವವರು ಮಕ್ಕಳಾದರೂ ಮಾತುಕತೆ ಆಡಬೇಕಾದವರು ದೂರದ ಊರಿನಲ್ಲಿರುವ ಅಪ್ಪ ಅಮ್ಮ. ಟು-ಲೆಟ್ ಬೋರ್ಡಿನ ಫೋಟೊ ಮಗಳಿಂದ ಬರುತ್ತದೆ. ಅದರಲ್ಲಿರುವ ನಂಬರಿಗೆ ಅಪ್ಪ ವಾಟ್ಸ್‌ಆ್ಯಪ್ ಮಾಡುತ್ತಾರೆ: ‘ಮನೆ ಖಾಲಿ ಇದೆಯಾ? ಬಾಡಿಗೆ ಎಷ್ಟು?’

ಇಂಥ ಮೆಸೇಜಿಗೆ ಎಷ್ಟೋ ಸಲ ಉತ್ತರವೇ ಬರುವುದಿಲ್ಲ. ಮನೆ ಮಾಲೀಕರಿಗೆ ದಿನವಿಡೀ ಇಂಥವೇ ಬರುತ್ತಿರುತ್ತವೆ, ಬರೆದವರು ಯಾರೆಂದು ಇದರಿಂದ ತಿಳಿಯುವುದೂ ಇಲ್ಲ. ವಿದ್ಯಾರ್ಥಿಗಳಿಗೆ ಮನೆ ಕೊಡುವಾಗ ಅವರಿಗೆ ಮುಖ್ಯವಾಗಿ ಮೂರು ಚಿಂತೆ. ಒಳಗೆ ನಿಜಕ್ಕೂ ಎಷ್ಟು ಜನ ಇರುತ್ತಾರೆ? ತಿಂಗಳ ಬಾಡಿಗೆಗೆ ಯಾರು ಹೊಣೆ? ಏನಾದರೂ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು? ಈ ಮೂರಕ್ಕೂ ಕೇಳುವ ಮೊದಲೇ ಉತ್ತರ ಕೊಡುವ ಮೆಸೇಜಿಗೆ ಮಾಲೀಕರು ಮರಳಿ ಫೋನ್ ಮಾಡುವ ಸಂಭವ ಹೆಚ್ಚು.

ರಾಣೆಬೆನ್ನೂರಿನ ಹೈಸ್ಕೂಲು ಮೇಷ್ಟ್ರೊಬ್ಬರ ಮಗಳಿಗೆ ಬಿ.ಇ. ಸೀಟು ಸಿಕ್ಕಿದೆ, ವಿಜಯನಗರದಲ್ಲಿ ಎರಡು ಬೆಡ್‌ರೂಮಿನ ಮನೆಯೊಂದು ಕಣ್ಣಿಗೆ ಬಿದ್ದಿದೆ ಎಂದಿಟ್ಟುಕೊಳ್ಳಿ. ಅವರು ಹೀಗೆ ಬರೆಯಬಹುದು:

‘ನಮಸ್ಕಾರ ಸರ್. ನಾನು ರಾಣೆಬೆನ್ನೂರಿನಲ್ಲಿ ಹೈಸ್ಕೂಲು ಶಿಕ್ಷಕ. ವಿಜಯನಗರದ ನಿಮ್ಮ ಎರಡನೇ ಮಹಡಿಯ ಮನೆಯ ವಿಚಾರವಾಗಿ ಬರೆಯುತ್ತಿದ್ದೇನೆ. ನನ್ನ ಮಗಳು ಬಿ.ಇ. ಮೊದಲ ವರ್ಷಕ್ಕೆ ಸೇರಿದ್ದಾಳೆ. ಅವಳೂ ಅವಳ ಇಬ್ಬರು ಸಹಪಾಠಿಗಳೂ, ಒಟ್ಟು ಮೂವರು ಹುಡುಗಿಯರು ಇರುತ್ತಾರೆ. ಆಗಾಗ ನಾನೋ ನನ್ನ ಮನೆಯವರೋ ಬಂದು ಒಂದೆರಡು ದಿನ ಉಳಿಯುತ್ತೇವೆ. ಅಗ್ರಿಮೆಂಟು ಮೂವರ ಪೋಷಕರ ಹೆಸರಿನಲ್ಲಿರಲಿ. ಬಾಡಿಗೆಯನ್ನು ಪ್ರತಿ ತಿಂಗಳು 5ನೇ ತಾರೀಖಿನೊಳಗೆ ನನ್ನ ಖಾತೆಯಿಂದಲೇ ಹಾಕುತ್ತೇನೆ. ಏನೇ ಇದ್ದರೂ ಮೊದಲು ನನಗೇ ಫೋನ್ ಮಾಡಿ. ಭಾನುವಾರ ಬೆಳಿಗ್ಗೆ ಬಂದು ಮನೆ ನೋಡಬಹುದೇ? ಬಾಡಿಗೆ, ಅಡ್ವಾನ್ಸ್, ಮೇಂಟೆನೆನ್ಸ್ ಎಷ್ಟೆಂದು ತಿಳಿಸಿದರೆ ಉಪಕಾರ.’

ಅಗ್ರಿಮೆಂಟು ಪೋಷಕರ ಹೆಸರಿನಲ್ಲಿ ಎಂದಿರುವುದಕ್ಕೆ ಗಟ್ಟಿ ಕಾರಣವಿದೆ. ಪಿಯುಸಿ ಮುಗಿಸಿ ಬಂದ ಎಷ್ಟೋ ಮಕ್ಕಳಿಗೆ ಇನ್ನೂ 18 ತುಂಬಿರುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತರು ಮಾಡಿಕೊಂಡ ಕರಾರು ಊರ್ಜಿತವಲ್ಲ. ಹಾಗಾಗಿ ಬಾಡಿಗೆದಾರರಾಗಿ ಸಹಿ ಹಾಕುವವರು ಪೋಷಕರಾಗಿರಬೇಕು, ಮನೆಯಲ್ಲಿ ವಾಸಿಸುವವರೆಂದು ಮಕ್ಕಳ ಹೆಸರನ್ನು ಪ್ರತ್ಯೇಕವಾಗಿ ಬರೆಸಬೇಕು.

ಮೂವರ ಪೋಷಕರೂ ಸಹಿ ಹಾಕುವುದು ಇನ್ನೂ ಮುಖ್ಯ. ಮೇಷ್ಟ್ರೊಬ್ಬರೇ ಸಹಿ ಹಾಕಿದರೆ, ನಡುವೆ ಒಬ್ಬ ಹುಡುಗಿ ಹಾಸ್ಟೆಲ್ ಸಿಕ್ಕಿತೆಂದು ಹೊರಟಾಗ ಅವಳ ಪಾಲಿನ ಬಾಡಿಗೆಯೂ ಅವರ ತಲೆಗೇ ಬರುತ್ತದೆ. ಅವಳ ಜಾಗಕ್ಕೆ ಇನ್ನೊಬ್ಬಳನ್ನು ಸೇರಿಸಿಕೊಳ್ಳೋಣವೆಂದರೆ, ಒಪ್ಪಿಗೆಯಿಲ್ಲದೆ ಬೇರೆಯವರನ್ನು ಇರಿಸಿಕೊಳ್ಳಬಾರದೆಂಬ ಷರತ್ತು ಅಗ್ರಿಮೆಂಟಿನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಒಬ್ಬರು ಬಿಟ್ಟರೆ ಮತ್ತೊಬ್ಬರನ್ನು ಸೇರಿಸಬಹುದೇ, ಹೊರಟವರ ಅಡ್ವಾನ್ಸ್ ಯಾರು ಕೊಡಬೇಕು ಎಂಬುದನ್ನು ಮನೆ ಹಿಡಿಯುವ ಮೊದಲೇ ಕೇಳಿಟ್ಟುಕೊಳ್ಳುವುದು ಲೇಸು.

ಮನೆ ನೋಡಿ ಒಪ್ಪಿಗೆಯಾದ ಮೇಲೆ ಎರಡನೇ ಮೆಸೇಜು. ಇದು ದುಡ್ಡಿನದು.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೇಳುವ ರೂಢಿ ಬಹಳ ಕಾಲದಿಂದ ಇದೆ. ಈಗ ಚೌಕಾಸಿ ಮಾಡಿದರೆ ಐದಾರು ತಿಂಗಳಿಗೆ, ಕೆಲವೆಡೆ ಇನ್ನೂ ಕಡಿಮೆಗೆ ಒಪ್ಪುವವರಿದ್ದಾರೆ. ಕೇಂದ್ರ ಸಚಿವ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದೆಂದಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯವೊಂದು ಅದನ್ನು ತನ್ನ ಕಾನೂನಾಗಿ ಮಾಡಿಕೊಳ್ಳುವವರೆಗೆ ಅಲ್ಲಿನ ಮಾಲೀಕರನ್ನು ಅದು ಕಟ್ಟಿಹಾಕದು. ಆದ್ದರಿಂದ ‘ಕಾನೂನು ಹೀಗಿದೆ’ ಎಂದು ವಾದಕ್ಕಿಳಿಯುವುದಕ್ಕಿಂತ ಅಡ್ವಾನ್ಸಿನಲ್ಲಿ ಏನೇನು ಮುರಿದುಕೊಳ್ಳುತ್ತಾರೆಂದು ಕೇಳುವುದರಿಂದ ಹೆಚ್ಚು ಉಪಯೋಗ.

ಮುರಿದುಕೊಳ್ಳುವುದರಲ್ಲಿ ಮೊದಲನೆಯದು ಪೇಂಟಿಂಗ್. ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ನಗರದ ವಾಡಿಕೆ. ಬಾಡಿಗೆ 20,000, ಅಡ್ವಾನ್ಸ್ 1,00,000 ಎನ್ನೋಣ. ಹನ್ನೊಂದು ತಿಂಗಳಿಗೇ ಬಿಟ್ಟರೆ ಕೈಗೆ ಬರುವುದು 80,000. ಹೋದ 20,000ವನ್ನು ಹನ್ನೊಂದರಿಂದ ಭಾಗಿಸಿದರೆ ತಿಂಗಳಿಗೆ 1,800 ರೂಪಾಯಿಯ ಮೇಲಾಯಿತು. ಅಂದರೆ ನಿಜವಾದ ಬಾಡಿಗೆ ಹತ್ತಿರ ಹತ್ತಿರ 22,000. ನಾಲ್ಕು ವರ್ಷವೂ ಅಲ್ಲೇ ಇದ್ದರೆ ಇದೇ ಕಡಿತ ತಿಂಗಳಿಗೆ ನಾನೂರು ಚಿಲ್ಲರೆಗೆ ಇಳಿಯುತ್ತದೆ. ಮೇಷ್ಟ್ರು ಹೀಗೆ ಬರೆದು ನೋಡಬಹುದು: ‘ಸರ್, ಮಕ್ಕಳು ಎರಡು ವರ್ಷಕ್ಕಿಂತ ಮುಂಚೆ ಬಿಟ್ಟರೆ ಪೇಂಟಿಂಗಿಗೆ ಪೂರ್ತಿ ಹಿಡಿಯದೆ ಆದ ಖರ್ಚಷ್ಟೇ ಬಿಲ್ಲಿನಂತೆ ಹಿಡಿದುಕೊಳ್ಳಬಹುದೇ? ಅಡ್ವಾನ್ಸ್ ಮನೆ ಬಿಟ್ಟ ದಿನವೇ ಕೊಡುತ್ತೀರಾ, ಆಮೇಲೆಯೇ?’ ಮಾಲೀಕರು ಒಪ್ಪಲಿ ಬಿಡಲಿ, ಉತ್ತರ ಬರಹದಲ್ಲಿ ಸಿಕ್ಕುತ್ತದೆ. ಒಪ್ಪಿದ್ದನ್ನು ಅಗ್ರಿಮೆಂಟಿಗೂ ಸೇರಿಸಲು ಹೇಳಬೇಕು, ಮೆಸೇಜಿನಲ್ಲಿದ್ದರೆ ಮಾತ್ರ ಸಾಲದು.

ಅಗ್ರಿಮೆಂಟು ಹನ್ನೊಂದು ತಿಂಗಳಿಗೇ ಆಗುವುದೇಕೆ ಎಂದು ಹಲವರು ಕೇಳುತ್ತಾರೆ. ಒಂದು ವರ್ಷವನ್ನು ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಲೇಬೇಕು, ಆ ಖರ್ಚು ಓಡಾಟ ತಪ್ಪಿಸಲು ಈ ದಾರಿ. ಪೋಷಕರು ಗಮನಿಸಬೇಕಾದದ್ದು ನವೀಕರಣ. ನಾಲ್ಕು ವರ್ಷದ ಓದಿಗೆ ಹಲವು ಸಲ ಹೊಸ ಅಗ್ರಿಮೆಂಟು ಬೇಕಾಗುತ್ತದೆ, ಪ್ರತಿ ಸಲವೂ ಬಾಡಿಗೆ ಏರುತ್ತದೆ. ಶೇಕಡಾ ಎಷ್ಟು ಏರಿಸುತ್ತಾರೆಂದು ಮೊದಲ ವರ್ಷವೇ ಬರೆಸಿಕೊಂಡರೆ ಪರೀಕ್ಷೆಯ ನಡುವೆ ಮನೆ ಬದಲಿಸುವ ಪಾಡು ತಪ್ಪುತ್ತದೆ.

ದುಡ್ಡು ಕಳಿಸುವ ಮುನ್ನ ಎಚ್ಚರ ಇನ್ನೊಂದು ಬಗೆಯದು. ಆನ್‌ಲೈನ್ ಜಾಹೀರಾತಿನಲ್ಲಿ ಚಂದದ ಫೋಟೊ, ಕಡಿಮೆ ಬಾಡಿಗೆ. ಮಾಲೀಕ ತಾನು ಸೇನೆಯಲ್ಲಿದ್ದೇನೆ, ಬೇರೆ ಊರಿಗೆ ವರ್ಗವಾಗಿದೆ, ಕೀ ಕೊಡುವವರು ಇನ್ನೊಬ್ಬರು ಎನ್ನುತ್ತಾನೆ, ಮನೆ ನೋಡುವ ಮೊದಲೇ ಟೋಕನ್ ದುಡ್ಡು ಕೇಳುತ್ತಾನೆ. ಇದು ಹಳೆಯ ಮೋಸ. ದುಡ್ಡು ವಾಪಸ್ ಹಾಕುತ್ತೇನೆಂದು ಕ್ಯೂಆರ್ ಕೋಡ್ ಕಳಿಸಿ ಪಿನ್ ಒತ್ತಲು ಹೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ, ಪಿನ್ ಒತ್ತಿದರೆ ನಮ್ಮ ಖಾತೆಯಿಂದಲೇ ಹಣ ಹೋಗುತ್ತದೆ. ನಿಜವಾದ ಮಾಲೀಕರೇ ಎಂದು ತಿಳಿಯಲು ಆಸ್ತಿ ತೆರಿಗೆ ರಸೀದಿ ಕೇಳಬಹುದು. ಅದರಲ್ಲಿರುವ ಹೆಸರು, ಅಗ್ರಿಮೆಂಟಿನ ಹೆಸರು, ಅಡ್ವಾನ್ಸ್ ಹಾಕುವ ಖಾತೆಯ ಹೆಸರು ಮೂರೂ ಒಂದೇ ಆಗಿರಬೇಕು. ಆಸ್ತಿ ತಾಯಿಯ ಹೆಸರಲ್ಲಿದ್ದು ಮಗ ವ್ಯವಹಾರ ನೋಡುತ್ತಿದ್ದರೆ ತಾಯಿಯ ಸಹಿ ಇರಲಿ. ಪೋಷಕರು ತಮ್ಮ ಆಧಾರ್ ಪ್ರತಿ ಕಳಿಸುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಆಧಾರ್ ವೆಬ್‌ಸೈಟಿನಿಂದ ಇಳಿಸಿಕೊಂಡು ಕಳಿಸಬಹುದು.

ಕೀ ಕೈಗೆ ಬಂದ ದಿನ ಮಗಳು ಮಾಡಬೇಕಾದ ಕೆಲಸವೊಂದಿದೆ. ಬೆಸ್ಕಾಂ ಮೀಟರಿನ ರೀಡಿಂಗು, ಗೋಡೆಯ ತೇವದ ಕಲೆ, ಬಾತ್‌ರೂಮಿನ ನಲ್ಲಿ, ಗೀಸರು, ಒಡೆದ ಕಿಟಕಿ ಗಾಜು, ಹೀಗೆ ಇದ್ದದ್ದನ್ನು ಇದ್ದಂತೆ ಫೋಟೊ ತೆಗೆದು ಅಪ್ಪನಿಗೆ ಕಳಿಸಬೇಕು. ಅಪ್ಪ ಅದನ್ನು ಮಾಲೀಕರಿಗೆ ಅಂದೇ ಕಳಿಸಿ, ‘ಇಂದು ಮನೆ ವಹಿಸಿಕೊಂಡಾಗ ಇದ್ದ ಸ್ಥಿತಿ ಇದು ಸರ್, ನಿಮ್ಮ ಗಮನಕ್ಕೆ’ ಎಂದು ಬರೆದರೆ ಸಾಕು. ಮನೆ ಬಿಡುವಾಗ ಅಡ್ವಾನ್ಸಿನ ಜಗಳ ಹುಟ್ಟುವುದು ಸಾಮಾನ್ಯವಾಗಿ ಇಂಥ ಕಲೆ, ಬಿರುಕುಗಳ ಮೇಲೆಯೇ. ಮುಂದೆ ಖಾಲಿ ಮಾಡುವ ನೋಟಿಸನ್ನೂ ಅದೇ ನಂಬರಿಗೆ, ಅಗ್ರಿಮೆಂಟಿನಲ್ಲಿ ಹೇಳಿದಷ್ಟು ಮುಂಚಿತವಾಗಿ, ಬಿಡುವ ತಾರೀಖು ಮತ್ತು ಅಡ್ವಾನ್ಸ್ ವಾಪಸ್ ಹಾಕಬೇಕಾದ ಖಾತೆಯ ವಿವರದೊಂದಿಗೆ ಪೋಷಕರೇ ಕಳಿಸಬೇಕು.