‘ಇದ್ದಕ್ಕಿದ್ದಂತೆ ತುರಿಕೆ’: ಚಳಿನಾಡಿನಿಂದ ಕ್ಲಿನಿಕ್ಕಿಗೆ ಒಂದು ಇಮೇಲ್

ಚಳಿಗಾಲದಲ್ಲಿ ಎದ್ದ ತುರಿಕೆಯ ಬಗ್ಗೆ ಕ್ಯಾಂಪಸ್ ಕ್ಲಿನಿಕ್ಕಿಗೆ ಬರೆಯುವ ಇಮೇಲ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಸಮಯದ ಲೆಕ್ಕ. ದದ್ದು ಯಾವ ದಿನ ಕಾಣಿಸಿತು, ಒಂದೊಂದು ಗುರುತು ಎಷ್ಟು ಹೊತ್ತು ಉಳಿಯುತ್ತದೆ, ದಿನದ ಯಾವ ಹೊತ್ತಿನಲ್ಲಿ ತುರಿಕೆ ಜೋರು, ಅದಕ್ಕೂ ಮುಂಚಿನ ಒಂದೂವರೆ ತಿಂಗಳಲ್ಲಿ ಏನೇನು ಬದಲಾಯಿತು ಎಂಬುದೆಲ್ಲ ಇದರಲ್ಲಿ ಸೇರುತ್ತದೆ. ಇಂಥ ಪತ್ರವನ್ನು ಸಾಮಾನ್ಯವಾಗಿ ಮೊದಲು ಓದುವವರು ನರ್ಸ್. ಇವರನ್ನು ಇವತ್ತೇ ನೋಡಬೇಕೇ, ಈ ವಾರದಲ್ಲಿ ನೋಡಿದರೆ ಸಾಕೇ ಎಂದು ಅವರು ತೀರ್ಮಾನಿಸಬೇಕು. ದದ್ದು ಅವರ ಕಣ್ಣೆದುರು ಇರುವುದಿಲ್ಲ, ಬರೆದದ್ದಷ್ಟೇ ಇರುತ್ತದೆ.

ಮಂಗಳೂರಿನಿಂದ ಅಮೆರಿಕದ ಮಿನಿಯಾಪೊಲಿಸ್‌ಗೆ ಓದಲು ಹೋಗಿ, ಅಲ್ಲಿನ ಮೊದಲ ಚಳಿಗಾಲವನ್ನು ಕಾಣುತ್ತಿರುವ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಬಹುದು. ‘ಮೈಮೇಲೆ ಇದ್ದಕ್ಕಿದ್ದಂತೆ ಅಲರ್ಜಿ ಆಗಿದೆ, ತುಂಬಾ ತುರಿಕೆ, ಯಾವ ಕ್ರೀಮ್ ಹಚ್ಚಲಿ?’ ಎಂದಷ್ಟೇ ಅವಳು ಬರೆದರೆ ನರ್ಸ್ ಅದಕ್ಕೆ ಮರುಪ್ರಶ್ನೆಗಳನ್ನು ಕಳಿಸಬಹುದೇ ಹೊರತು ಉತ್ತರವನ್ನಲ್ಲ. ‘ಅಲರ್ಜಿ’ ಎಂಬುದು ಅವಳ ಊಹೆ. ಕ್ಲಿನಿಕ್ಕಿಗೆ ಬೇಕಾದದ್ದು ಅವಳು ಕಂಡದ್ದು. ಅದನ್ನು ಹೇಳುವ ಪತ್ರ ಹೀಗಿರಬಹುದು:

‘ಜನವರಿ 18ರಿಂದ ತುರಿಕೆ ಇದೆ. ಮೊದಲು ಎರಡೂ ಕಾಲುಗಳಲ್ಲಿ, ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಶುರುವಾಯಿತು. ನಾಲ್ಕೈದು ದಿನಗಳಲ್ಲಿ ಮುಂಗೈಗೂ ಸೊಂಟದ ಪಕ್ಕಕ್ಕೂ ಬಂತು. ಮುಖ, ಬೆರಳ ಸಂದಿ, ಹೊಕ್ಕುಳ ಸುತ್ತ ಏನೂ ಇಲ್ಲ. ಒಂದು ದದ್ದಿನ ಸುತ್ತ ಪೆನ್ನಿನಿಂದ ಗೆರೆ ಎಳೆದಿದ್ದೆ, ಎರಡು ದಿನವಾದರೂ ಅದು ಅಲ್ಲೇ ಇದೆ. ಸ್ನಾನ ಮುಗಿದ ಸ್ವಲ್ಪ ಹೊತ್ತಿಗೆ ಮತ್ತು ರಾತ್ರಿ ಹೊದ್ದು ಮಲಗಿದಾಗ ತುರಿಕೆ ಹೆಚ್ಚು. ನನ್ನ ಮೈಬಣ್ಣ ಕಂದು. ದದ್ದು ಕೆಂಪಗಿಲ್ಲ, ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿದೆ, ಮುಟ್ಟಿದರೆ ಒರಟು. ದಿನಕ್ಕೆ ಎರಡು ಸಲ ಬಿಸಿ ಬಿಸಿ ನೀರಿನ ಸ್ನಾನ ಮಾಡುತ್ತೇನೆ, ಮೈಗೆಲ್ಲ ಸೋಪು ಹಚ್ಚುತ್ತೇನೆ. ಡಿಸೆಂಬರ್ ಕೊನೆಯ ವಾರ ಗೆಳತಿಯರ ಮನೆಯಲ್ಲಿ ಒಂದೇ ಹಾಸಿಗೆಯಲ್ಲಿ ಮಲಗಿದ್ದೆವು. ಅವರಿಗಾಗಲಿ ರೂಮ್‌ಮೇಟ್‌ಗಾಗಲಿ ತುರಿಕೆ ಇಲ್ಲ. ಹೊಸ ಮಾತ್ರೆ ಯಾವುದೂ ತೆಗೆದುಕೊಂಡಿಲ್ಲ. ಊರಿಂದ ತಂದ ಮುಲಾಮನ್ನು ಮೂರು ದಿನ ಹಚ್ಚಿದೆ. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ನಿಯೋಮೈಸಿನ್, ಮೈಕೊನಜೋಲ್ ಎಂದಿದೆ. ಹಚ್ಚಿದಾಗ ಕಡಿಮೆಯಾಯಿತು, ಬಿಟ್ಟ ಮೇಲೆ ಮರಳಿತು. ಜ್ವರ, ಉಸಿರಾಟದ ತೊಂದರೆ, ಬಾಯಿಹುಣ್ಣು ಇಲ್ಲ.’

ಈ ಪತ್ರದಲ್ಲಿ ಪೆನ್ನಿನ ಗೆರೆಯ ಮಾತು ಚಿಕ್ಕದಾಗಿ ಕಂಡರೂ ಒಂದು ದೊಡ್ಡ ಸಂದೇಹವನ್ನು ಅದೊಂದೇ ಬಹುಮಟ್ಟಿಗೆ ಬಗೆಹರಿಸುತ್ತದೆ. ಚಳಿಗೆ ಮೈ ಒಡ್ಡಿದಾಗ ಕೆಲವರಿಗೆ ಗಂಧೆ ಏಳುತ್ತದೆ. ಬಸ್ಸಿಗೆ ಕಾದು ನಿಂತ ಕೆಲವೇ ನಿಮಿಷಗಳಲ್ಲಿ, ಇಲ್ಲವೇ ಒಳಗೆ ಬಂದು ಮೈ ಬೆಚ್ಚಗಾಗುವಾಗ, ಮುಚ್ಚದೆ ಬಿಟ್ಟ ಕೈ, ಮುಖಗಳ ಮೇಲೆ ಉಬ್ಬಿದ ಗಾದರಿಗಳು ಕಾಣಿಸಿ ಸಾಮಾನ್ಯವಾಗಿ ಒಂದೆರಡು ಗಂಟೆಯೊಳಗೆ ಗುರುತಿಲ್ಲದೆ ಇಳಿದುಹೋಗುತ್ತವೆ. ಬೇರೆ ಕಾರಣದ ಗಂಧೆಯಲ್ಲೂ ಒಂದು ಗಾದರಿ ಒಂದೇ ಜಾಗದಲ್ಲಿ 24 ಗಂಟೆ ನಿಲ್ಲುವುದು ಅಪರೂಪ. ಗೆರೆಯೊಳಗಿನ ದದ್ದು ಎರಡು ದಿನ ಉಳಿದಿದೆ ಎಂದರೆ ಅದು ಗಂಧೆ ಆಗಿರಲಾರದು. ಈ ವ್ಯತ್ಯಾಸಕ್ಕೆ ಬೆಲೆ ಇದೆ. ಚಳಿಗಂಧೆ ಇರುವವರು ತಣ್ಣನೆಯ ನೀರಿಗೆ ಧುಮುಕಿದರೆ ಇಡೀ ಮೈ ಒಮ್ಮೆಗೇ ಪ್ರತಿಕ್ರಿಯಿಸಿ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು. ಐಸ್ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮುಂಗೈ ಮೇಲೆ ಐದು ನಿಮಿಷ ಒತ್ತಿ, ತೆಗೆದ ಹತ್ತು ನಿಮಿಷಕ್ಕೆ ಅಲ್ಲಿ ಗಾದರಿ ಎದ್ದಿದೆಯೇ ಎಂದು ನೋಡುವುದು ಇದರ ಪರೀಕ್ಷೆ. ಅದು ಕ್ಲಿನಿಕ್ಕಿನಲ್ಲೇ ಆಗಬೇಕು, ಹಾಸ್ಟೆಲ್ ಕೋಣೆಯಲ್ಲಿ ಅಲ್ಲ. ಗಾದರಿಗಳು ಬಂದು ಹೋಗುವಂಥವಾದರೆ ಕ್ಲಿನಿಕ್ಕಿಗೆ ಹೋಗುವ ಹೊತ್ತಿಗೆ ಚರ್ಮ ಖಾಲಿಯಾಗಿರುತ್ತದೆ. ಎದ್ದಾಗಲೇ ಫೋಟೊ ತೆಗೆದಿಡುವುದು ಒಂದೇ ದಾರಿ.

ಡಿಸೆಂಬರ್ ಕೊನೆಯ ವಾರದ ಹಾಸಿಗೆಯ ಸಂಗತಿಯನ್ನು ಬರೆಯಲು ಯಾರಿಗೂ ಸಂಕೋಚವಾಗುತ್ತದೆ. ಆದರೆ ಹುಳದಿಂದ ಬರುವ ಕಜ್ಜಿಯನ್ನು ಹಿಡಿಯಲು ಅದು ಬೇಕೇ ಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮದ ಮೇಲ್ಪದರ ಕೊರೆದು ಮೊಟ್ಟೆ ಇಡುತ್ತದೆ. ಮೊದಲ ಸಲ ಅಂಟಿದವರಿಗೆ ತುರಿಕೆ ಶುರುವಾಗುವುದು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳ ನಂತರ, ದೇಹಕ್ಕೆ ಅದರ ಪರಿಚಯವಾದ ಮೇಲೆ. ಹಾಗಾಗಿ ಫೆಬ್ರವರಿಯಲ್ಲಿ ‘ಇದ್ದಕ್ಕಿದ್ದಂತೆ’ ಎದ್ದ ತುರಿಕೆಯ ಮೂಲ ಹೊಸವರ್ಷದ ರಜೆಯಲ್ಲಿ ಇರಬಹುದು. ಈ ವಿದ್ಯಾರ್ಥಿನಿಯ ಲೆಕ್ಕದಲ್ಲಿ ಡಿಸೆಂಬರ್ ಕೊನೆಗೂ ಜನವರಿ 18ಕ್ಕೂ ನಡುವೆ ಇರುವುದು ಮೂರು ವಾರ ಮಾತ್ರ. ಕಜ್ಜಿ ನೆಚ್ಚುವ ಜಾಗಗಳಾದ ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ, ಮರ್ಮಾಂಗಗಳ ಪೈಕಿ ಅವಳು ಎರಡನ್ನು ಹೆಸರಿಸಿ ‘ಇಲ್ಲ’ ಎಂದಿದ್ದಾಳೆ. ಜೊತೆಯವರಿಗೂ ತುರಿಕೆ ಇಲ್ಲ. ಇವೆಲ್ಲ ಕಜ್ಜಿಯ ಸಾಧ್ಯತೆಯನ್ನು ಕುಗ್ಗಿಸುತ್ತವೆ, ಅಳಿಸಿಹಾಕುವುದಿಲ್ಲ. ರಾತ್ರಿ ಹೊತ್ತು ತುರಿಕೆ ಹೆಚ್ಚಾಗುವುದು ಕಜ್ಜಿಯ ಲಕ್ಷಣವೆಂದು ಪ್ರಸಿದ್ಧವಾದರೂ ಒಣಚರ್ಮವೂ ಹೊದಿಕೆಯ ಬಿಸಿಗೆ ಹಾಗೆಯೇ ತುರಿಸುತ್ತದೆ. ಅದೊಂದನ್ನೇ ನಂಬಿ ತೀರ್ಮಾನಕ್ಕೆ ಬರುವಂತಿಲ್ಲ.

ಪತ್ರದ ಉಳಿದ ವಿವರಗಳೆಲ್ಲ ಬೊಟ್ಟು ಮಾಡುವುದು ಒಣಗಿದ ಚರ್ಮದ ಇಸುಬಿನ ಕಡೆಗೆ. ಇದರ ಕಾರಣ ಹೊರಗಿನ ಚಳಿಗಿಂತ ಒಳಗಿನ ಗಾಳಿಯಲ್ಲಿದೆ. ಮೈನಸ್ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಎರಡು ಗ್ರಾಂ ಅಷ್ಟೇ. ಅದೇ ಗಾಳಿಯನ್ನು ಒಳಗೆ ತಂದು 22 ಡಿಗ್ರಿಗೆ ಕಾಯಿಸಿದರೆ ಅದು 19 ಗ್ರಾಂವರೆಗೂ ನೀರು ಹಿಡಿಯಬಲ್ಲದು, ಆದರೆ ಇರುವುದು ಆ ಎರಡೇ ಗ್ರಾಂ. ತೇವಾಂಶ ಶೇ 10ರ ಆಸುಪಾಸಿಗೆ ಇಳಿಯುತ್ತದೆ. ಅಡುಗೆ, ಸ್ನಾನ, ಉಸಿರಾಟಗಳಿಂದ ಒಂದಿಷ್ಟು ತೇವ ಸೇರಿದರೂ ಕಡಲೂರಿನ ಗಾಳಿಯ ಹತ್ತಿರಕ್ಕೂ ಅದು ಬರುವುದಿಲ್ಲ. ಚರ್ಮದ ಹೊರಪದರದ ಕೋಶಗಳ ನಡುವೆ ಇರುವ ಜಿಡ್ಡು ಮೈಯೊಳಗಿನ ನೀರು ಆರದಂತೆ ತಡೆಯುತ್ತದೆ. ಬಿಸಿನೀರು ಮತ್ತು ಕ್ಷಾರವಿರುವ ಸೋಪು ದಿನಕ್ಕೆರಡು ಬಾರಿ ಆ ಜಿಡ್ಡನ್ನು ತೊಳೆದು ತೆಗೆಯುತ್ತವೆ. ಮಂಗಳೂರಿನ ಸೆಕೆಯಲ್ಲಿ ಹಿತವಾಗಿದ್ದ ಅಭ್ಯಾಸವೇ ಇಲ್ಲಿ ಚರ್ಮಕ್ಕೆ ಕೇಡಾಗುತ್ತದೆ. ಎಣ್ಣೆ ಗ್ರಂಥಿಗಳು ವಿರಳವಾಗಿರುವ ಕಾಲಿನ ಮುಂಭಾಗ ಮೊದಲು ಸೋಲುತ್ತದೆ, ಪೂರ್ತಿ ಬಲಿತಾಗ ಬತ್ತಿದ ಕೆರೆಯ ತಳದಂತೆ ಬಿರುಕು ಬಿಡುತ್ತದೆ. ನವೆಂಬರಿನಿಂದ ವಾರಗಟ್ಟಲೆ ಒಣಗುತ್ತ ಬಂದ ಚರ್ಮ ಜನವರಿಯ ಒಂದು ದಿನ ತುರಿಸತೊಡಗುತ್ತದೆ. ‘ಇದ್ದಕ್ಕಿದ್ದಂತೆ’ ಎನಿಸಿದ್ದು ತುರಿಕೆ ಮಾತ್ರ, ಅದರ ಹಿಂದಿನ ಕೆಡುಕು ಹಳೆಯದು.

ಟ್ಯೂಬಿನ ವಿಷಯ ಭಾರತದಿಂದ ಹೋದವರ ಪತ್ರದಲ್ಲಿ ತಪ್ಪದೆ ಇರಬೇಕು. ಪ್ರಬಲ ಸ್ಟೀರಾಯ್ಡ್‌ಗೆ ಶಿಲೀಂಧ್ರನಾಶಕ ಮತ್ತು ಆಂಟಿಬಯೋಟಿಕ್ ಬೆರೆಸಿದ ಮುಲಾಮುಗಳು ನಮ್ಮಲ್ಲಿ ಚೀಟಿ ಇಲ್ಲದೆಯೂ ಸಿಗುತ್ತವೆ, ಮನೆಮನೆಯಲ್ಲೂ ಇರುತ್ತವೆ. ಕ್ಲೋಬೆಟಸಾಲ್ ಅತಿ ಪ್ರಬಲ ವರ್ಗದ ಸ್ಟೀರಾಯ್ಡ್. ಹುಳುಕಡ್ಡಿಯ ಮೇಲೆ ಹಚ್ಚಿದರೆ ತುರಿಕೆ ಇಳಿಯುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹಬ್ಬುತ್ತದೆ. ಉಂಗುರದಂತೆ ಕಾಣಬೇಕಾದ ಅಂಚು ಮಾಸಿ ವೈದ್ಯರಿಗೇ ಗುರುತು ಸಿಗದಂತಾಗುತ್ತದೆ. ಕಜ್ಜಿಯೂ ಹೀಗೆಯೇ ವೇಷ ಮರೆಸಿಕೊಳ್ಳುತ್ತದೆ. ನಿಯೋಮೈಸಿನ್‌ಗಂತೂ ಕೆಲವರ ಚರ್ಮ ಸ್ವತಃ ಅಲರ್ಜಿ ತೋರಿಸುತ್ತದೆ. ಮುಲಾಮಿನ ವ್ಯಾಪಾರದ ಹೆಸರು ಅಮೆರಿಕದ ನರ್ಸ್‌ಗೆ ಗೊತ್ತಿರುವುದಿಲ್ಲ. ಟ್ಯೂಬಿನ ಹಿಂಬದಿಯ ಔಷಧದ ಹೆಸರುಗಳನ್ನೇ ಬರೆಯಬೇಕು, ಕೊನೆಯ ಸಲ ಹಚ್ಚಿದ ದಿನವನ್ನೂ ಸೇರಿಸಬೇಕು. ದಿನಾಂಕ ಬರೆಯುವಾಗ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯುವುದು ಕ್ಷೇಮ. 3/2 ಎಂಬುದನ್ನು ಅಮೆರಿಕದವರು ಮಾರ್ಚ್ 2 ಎಂದು ಓದುತ್ತಾರೆ, ಸಮಯದ ಲೆಕ್ಕವೇ ತಲೆಕೆಳಗಾಗುತ್ತದೆ.

ಬಣ್ಣದ ಬಗ್ಗೆ ಅವಳು ಬರೆದ ಸಾಲೂ ಅಷ್ಟೇ ಮುಖ್ಯ. ಬಿಳಿ ಚರ್ಮದಲ್ಲಿ ಕೆಂಪಗೆ ಕಾಣುವ ಉರಿಯೂತ ಕಂದು, ಕಪ್ಪು ಚರ್ಮದಲ್ಲಿ ನೇರಳೆ, ಬೂದು ಅಥವಾ ಗಾಢ ಕಂದಾಗಿ ಕಾಣುತ್ತದೆ. ಪಠ್ಯಪುಸ್ತಕಗಳ ಚಿತ್ರಗಳು ಬಹುಕಾಲ ಬಿಳಿ ಚರ್ಮದವೇ ಆಗಿದ್ದವು. ಈ ಕೊರತೆಯನ್ನು ಕಂಡು ಲಂಡನ್ನಿನಲ್ಲಿ ವೈದ್ಯಕೀಯ ಓದುತ್ತಿದ್ದ ಮಲೋನ್ ಮುಕ್ವೆಂಡೆ ತನ್ನ ಇಬ್ಬರು ಅಧ್ಯಾಪಕರೊಂದಿಗೆ 2020ರಲ್ಲಿ ‘ಮೈಂಡ್ ದ ಗ್ಯಾಪ್’ ಎಂಬ ಕೈಪಿಡಿ ತಂದರು. ‘ಕೆಂಪಗಿಲ್ಲ’ ಎಂಬ ಕಾರಣಕ್ಕೆ ದದ್ದನ್ನು ಹಗುರವಾಗಿ ಕಾಣುವ ಅಪಾಯ ಇರುವುದರಿಂದ ಸುತ್ತಲಿನ ಚರ್ಮಕ್ಕೆ ಹೋಲಿಸಿ ಬಣ್ಣ ಹೇಳಬೇಕು. ಫೋಟೊ ಹಗಲಿನ ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆದದ್ದಾಗಿರಲಿ: ಇಡೀ ಕಾಲು ಕಾಣುವಂತೆ ಒಂದು, ಹತ್ತಿರದಿಂದ ನಾಣ್ಯ ಇಟ್ಟು ಒಂದು, ಉಬ್ಬುತಗ್ಗು ತೋರುವಂತೆ ಬದಿಯಿಂದ ಒಂದು. ಫೋಟೊಗಳನ್ನು ಸಾಧಾರಣ ಇಮೇಲ್‌ಗಿಂತ ಕ್ಲಿನಿಕ್ಕಿನ ರೋಗಿಗಳ ಪೋರ್ಟಲ್ ಇದ್ದರೆ ಅದರಲ್ಲಿ ಕಳಿಸುವುದು ಸುರಕ್ಷಿತ.

ಕೆಲವು ದದ್ದುಗಳಿಗೆ ಇಮೇಲ್ ತಕ್ಕ ದಾರಿಯೇ ಅಲ್ಲ, ಏಕೆಂದರೆ ಅದನ್ನು ಮರುದಿನದವರೆಗೂ ಯಾರೂ ತೆರೆಯದಿರಬಹುದು. ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ, ಹೊಸ ಮಾತ್ರೆ ಶುರುಮಾಡಿದ ವಾರಗಳಲ್ಲಿ ಬಾಯಿ ಹುಣ್ಣಾಗಿ ಚರ್ಮ ಸುಲಿಯತೊಡಗಿದರೆ ಕೂಡಲೇ ತುರ್ತುಸೇವೆಗೆ ಕರೆ ಮಾಡಬೇಕು. ಅಮೆರಿಕದಲ್ಲಿ ಆ ಸಂಖ್ಯೆ 911. ಜ್ವರ, ತಲೆನೋವಿನ ಜೊತೆಗೆ ಗಾಜಿನ ಲೋಟ ಒತ್ತಿದರೂ ಮಾಸದ ನೇರಳೆ ಚುಕ್ಕೆಗಳು ಮೂಡಿದರೆ ಅದು ಮೆನಿಂಜೈಟಿಸ್ ರೋಗಾಣು ರಕ್ತಕ್ಕೆ ಸೇರಿದ ಸೂಚನೆ ಇರಬಹುದು. ಹಾಸ್ಟೆಲ್‌ಗಳಲ್ಲಿ ಅದು ಒಬ್ಬರಿಂದೊಬ್ಬರಿಗೆ ಹರಡಬಲ್ಲದು. ಕಂದು ಚರ್ಮದಲ್ಲಿ ಈ ಚುಕ್ಕೆಗಳನ್ನು ಅಂಗೈ, ಅಂಗಾಲು, ಕಣ್ಣಿನ ಕೆಳರೆಪ್ಪೆಯ ಒಳಬದಿಗಳಲ್ಲಿ ಹುಡುಕಬೇಕು.

ಮೇಲಿನ ಪತ್ರದಲ್ಲಿ ಇಂಥದ್ದೇನೂ ಇಲ್ಲದ್ದರಿಂದ ಅವಳಿಗೆ ಅದೇ ವಾರದಲ್ಲಿ ಭೇಟಿ ಸಿಗುತ್ತದೆ. ಊರಿನ ಟ್ಯೂಬನ್ನು ಅಲ್ಲಿಯವರೆಗೆ ನಿಲ್ಲಿಸುವಂತೆ ಸೂಚನೆಯೂ ಬರುತ್ತದೆ. ಪರೀಕ್ಷಿಸಿ ಒಣಚರ್ಮದ ಇಸುಬೆಂದೇ ಕಂಡರೆ ಚಿಕಿತ್ಸೆ ಸರಳ. ಸ್ನಾನ ದಿನಕ್ಕೆ ಒಂದೇ ಸಲ, ಉಗುರುಬೆಚ್ಚನೆಯ ನೀರಿನಲ್ಲಿ, ಹತ್ತು ನಿಮಿಷ ಮೀರದಂತೆ. ಸೋಪು ಕಂಕುಳು, ತೊಡೆಸಂದು, ಪಾದಗಳಿಗೆ ಸಾಕು. ಮೈಯನ್ನು ಉಜ್ಜದೆ ಒತ್ತಿ ಒರೆಸಿ, ತೇವ ಆರುವ ಮುನ್ನ ಪೆಟ್ರೋಲಿಯಂ ಜೆಲ್ಲಿಯಂಥ ದಪ್ಪ ಮುಲಾಮು ಹಚ್ಚಬೇಕು. ನೀರಾಗಿರುವ ಲೋಷನ್ ಇಲ್ಲಿ ಅಷ್ಟು ನಿಲ್ಲುವುದಿಲ್ಲ. ಒರಟಾಗಿ ತುರಿಸುವ ಜಾಗಗಳಿಗೆ ಮಧ್ಯಮ ಶಕ್ತಿಯ ಸ್ಟೀರಾಯ್ಡ್ ಮುಲಾಮನ್ನು ಒಂದೆರಡು ವಾರ ಬರೆದುಕೊಡುತ್ತಾರೆ. ಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದಷ್ಟು ಮುಲಾಮು ಎರಡು ಅಂಗೈಯಷ್ಟು ಅಗಲಕ್ಕೆ ಸಾಕಾಗುತ್ತದೆ. ಅಲರ್ಜಿ ಮಾತ್ರೆ ಗಂಧೆಗೆ ಒಗ್ಗುವಷ್ಟು ಈ ತುರಿಕೆಗೆ ಒಗ್ಗುವುದಿಲ್ಲ. ಎರಡು ವಾರಗಳಲ್ಲಿ ಚರ್ಮ ಮೆತ್ತಗಾಗದಿದ್ದರೆ, ತುರಿಕೆ ಬೆರಳ ಸಂದಿಗೆ ಇಳಿದರೆ, ಇಲ್ಲವೇ ರೂಮ್‌ಮೇಟ್ ಕೂಡ ತುರಿಸಿಕೊಳ್ಳತೊಡಗಿದರೆ ಮೊದಲಿನ ತೀರ್ಮಾನವನ್ನು ಬದಿಗಿಟ್ಟು, ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ಹುಳ ಮತ್ತು ಶಿಲೀಂಧ್ರಕ್ಕಾಗಿ ನೋಡುತ್ತಾರೆ. ಆಗ ಎರಡನೆಯ ಇಮೇಲ್ ಬರೆಯುವಾಗ ಹಳೆಯ ಪತ್ರಕ್ಕೇ ಉತ್ತರವಾಗಿ, ಯಾವ ದಿನದಿಂದ ಏನು ಹಚ್ಚಿದೆ, ಯಾವ ದಿನ ಏನು ಬದಲಾಯಿತು ಎಂದು ಮುಂದುವರಿಸಿದರೆ ವೈದ್ಯರಿಗೆ ಇಡೀ ಕಾಲಕ್ರಮ ಒಂದೇ ಕಡೆ ಸಿಗುತ್ತದೆ.