ಪ್ರಾಕ್ಟರ್ ಟೆಸ್ಟಿನ ಗುಡ್ಡ: ರಿಗ್ರೆಷನ್‌ನಲ್ಲಿ ವರ್ಗಪದವನ್ನು ಓದೋದು ಹೇಗೆ?

ಸಿವಿಲ್‌ನವರಿಗೆಲ್ಲ ಪ್ರಾಕ್ಟರ್ ಟೆಸ್ಟ್ ಗೊತ್ತು. ಬೇರೆ ಬ್ರಾಂಚಿನವರಿಗಾಗಿ ಎರಡು ಮಾತು. ಮಣ್ಣಿಗೆ ಸ್ವಲ್ಪ ನೀರು ಕಲಸಿ, 1000 ಸಿಸಿ ಅಚ್ಚಿನಲ್ಲಿ ಮೂರು ಪದರಗಳಾಗಿ ತುಂಬಿ, 2.6 ಕೆಜಿ ಗುದ್ದುವನ್ನು 310 ಮಿಮೀ ಎತ್ತರದಿಂದ ಬಿಟ್ಟು ಪದರಕ್ಕೆ 25 ಸಲ ಗುದ್ದಬೇಕು. ಆಮೇಲೆ ಒಣ ಸಾಂದ್ರತೆ ಎಷ್ಟಾಯ್ತು ನೋಡಬೇಕು. ನೀರು ಹೆಚ್ಚಿಸುತ್ತಾ ಇದನ್ನೇ ಐದಾರು ಸಲ ಮಾಡಬೇಕು. ಮೊದಮೊದಲು ನೀರು ಕಣಗಳನ್ನು ಜಾರಿಸಿ ಹತ್ತಿರ ತರುತ್ತೆ, ಸಾಂದ್ರತೆ ಏರುತ್ತೆ. ಒಂದು ಹಂತ ದಾಟಿದ ಮೇಲೆ ಮಣ್ಣು ಕೂರಬೇಕಾದ ಜಾಗದಲ್ಲಿ ನೀರೇ ಕೂತುಬಿಡುತ್ತೆ, ಸಾಂದ್ರತೆ ಇಳಿಯುತ್ತೆ. ಅಂದರೆ ಸಂಬಂಧ ಗೆರೆಯಲ್ಲ, ಗುಡ್ಡ. ಭದ್ರಾ ಮೇಲ್ದಂಡೆ ಕಾಲುವೆಯ ಏರಿಯಾಗಲಿ, ಹಿರಿಯೂರಿನ ರಸ್ತೆಯಾಗಲಿ, ರೋಲರ್ ಓಡುವ ಮೊದಲು ಈ ಗುಡ್ಡದ ತುದಿ ಎಲ್ಲಿದೆ ಅಂತ ಗೊತ್ತಿರಬೇಕು.

ಹಿರಿಯೂರು ಕಡೆಯ ಎರೆ ಮಣ್ಣಿನಂಥ ಒಂದು ಮಣ್ಣನ್ನು ತಗೊಳ್ಳೋಣ. ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ನಾನೇ ಹಾಕಿಕೊಂಡವು, ಯಾವ ಸೈಟಿನದೂ ಅಲ್ಲ. ತೇವಾಂಶ 14, 17, 20, 23, 26 ಶೇಕಡಾ; ಒಣ ಸಾಂದ್ರತೆ ಕ್ರಮವಾಗಿ 1.42, 1.50, 1.55, 1.56, 1.50 ಗ್ರಾಂ/ಸಿಸಿ.

ಇದಕ್ಕೆ ಸರಳರೇಖೆ ಎಳೆದರೆ ಇಳಿಜಾರು +0.0073 ಬರುತ್ತೆ, ಆರ್-ಸ್ಕ್ವೇರ್ ಬರೀ 0.39. ‘ನೀರು ಹಾಕಿದಷ್ಟೂ ಒಳ್ಳೇದು’ ಅಂತ ಆ ರೇಖೆ ಹೇಳುತ್ತಿದೆ. ಟ್ಯಾಂಕರ್‌ನವನಿಗೆ ಖುಷಿ, ಏರಿಗೆ ಅಪಾಯ. ತೇವಾಂಶದ ವರ್ಗವನ್ನೂ ಸೇರಿಸಿದರೆ ಆರ್-ಸ್ಕ್ವೇರ್ 0.987ಕ್ಕೆ ಏರುತ್ತೆ:

```
g = 0.389 + 0.1089*w - 0.00254*w^2
```

ಬಹಳ ಜನ ಎಡವೋದು ಇಲ್ಲೇ. w ಮುಂದಿರುವ 0.1089 ನೋಡಿ ‘ತೇವಾಂಶ ಒಂದು ಶೇಕಡಾ ಹೆಚ್ಚಿದರೆ ಸಾಂದ್ರತೆ 0.109 ಹೆಚ್ಚುತ್ತದೆ’ ಅಂತ ರಿಪೋರ್ಟಿನಲ್ಲಿ ಬರೆದುಬಿಡ್ತಾರೆ. ಅದು ತಪ್ಪು. ವರ್ಗಪದ ಇರುವಾಗ ಇಳಿಜಾರು ಒಂದೇ ಇರೋದಿಲ್ಲ; ಅದು 0.1089 − 2 × 0.00254 × w, ಅಂದರೆ ನಿಂತ ಜಾಗಕ್ಕೆ ತಕ್ಕಂತೆ ಬದಲಾಗುತ್ತೆ. 0.1089 ಅನ್ನೋದು w ಸೊನ್ನೆ ಇರುವಾಗಿನ ಇಳಿಜಾರು ಮಾತ್ರ. ಸೊನ್ನೆ ತೇವಾಂಶದಲ್ಲಿ ನಾವು ಅಳತೆಯನ್ನೇ ಮಾಡಿಲ್ಲ. ಅಲ್ಲಿ ಈ ಸಮೀಕರಣ ಕೊಡುವ ಸಾಂದ್ರತೆ 0.389, ಯಾವ ಒಣ ಮಣ್ಣೂ ಹಾಗೆ ಹತ್ತಿಯಂತೆ ಹಗುರ ಇರಲ್ಲ!

ಪರಿಹಾರ ಸುಲಭ. ತೇವಾಂಶದಿಂದ 20 ಕಳೆದು ಮತ್ತೆ ಫಿಟ್ ಮಾಡಿ:

```
x <- w - 20
m <- lm(g ~ x + I(x^2))
summary(m)
```

(ಆರ್ ಭಾಷೆಯಲ್ಲಿ ಆ `I( )` ಮರೆಯಬೇಡಿ. ಮರೆತರೆ ವರ್ಗಪದ ಸದ್ದಿಲ್ಲದೆ ಮಾಯವಾಗಿ, ಬರೀ ಸರಳರೇಖೆ ಸಿಗುತ್ತೆ.) ಈಗ ಉತ್ತರ 1.552 + 0.0073x − 0.00254x². ವಕ್ರರೇಖೆ ಅದೇ, ಆರ್-ಸ್ಕ್ವೇರ್ ಅದೇ, ವರ್ಗಪದದ ಗುಣಾಂಕವೂ ಅದೇ. ಮೊದಲ ಗುಣಾಂಕ ಮಾತ್ರ 0.1089ರಿಂದ 0.0073ಕ್ಕೆ ಇಳಿಯಿತು. ಮಣ್ಣೇನೂ ಬದಲಾಗಿಲ್ಲ, ನಾವು ಸೊನ್ನೆ ಅಂತ ಕರೆದ ಜಾಗ ಬದಲಾಯ್ತು ಅಷ್ಟೆ. ಈಗ 0.0073ಕ್ಕೆ ಅರ್ಥವಿದೆ: 20 ಶೇಕಡಾ ತೇವಾಂಶದಲ್ಲಿ ನಿಂತಾಗಿನ ಇಳಿಜಾರು ಅದು. ಹಾಗಾಗಿ ಆ ಮೊದಲ ಗುಣಾಂಕದ ಪಿ-ವ್ಯಾಲ್ಯೂ ಒಂದನ್ನೇ ಹಿಡಿದುಕೊಂಡು ‘ತೇವಾಂಶದ ಪರಿಣಾಮ ಇದೆ’ ಅಥವಾ ‘ಇಲ್ಲ’ ಅಂತ ತೀರ್ಪು ಕೊಡಬಾರದು.

ವರ್ಗಪದದ ಗುಣಾಂಕ ಏನು ಹೇಳುತ್ತೆ? ಮೈನಸ್ ಇದ್ದರೆ ಬೋರಲು ಬಟ್ಟಲು, ಪ್ಲಸ್ ಇದ್ದರೆ ನೆಟ್ಟಗಿನ ಬಟ್ಟಲು, ಇಷ್ಟು ಎಲ್ಲರಿಗೂ ಗೊತ್ತು. ಆದರೆ ಅದರ ಗಾತ್ರ ಇನ್ನೂ ಉಪಯೋಗದ್ದು. ತುದಿಯಿಂದ d ಶೇಕಡಾ ದೂರ ಸರಿದರೆ ಕಳೆದುಕೊಳ್ಳುವ ಸಾಂದ್ರತೆ 0.00254 × d². ಎರಡು ಶೇಕಡಾ ತಪ್ಪಿದರೆ ನಷ್ಟ 0.01 ಗ್ರಾಂ/ಸಿಸಿ ಮಾತ್ರ. ನಾಲ್ಕು ತಪ್ಪಿದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು, 0.04. ಸೈಟಿನಲ್ಲಿ ಸಾಮಾನ್ಯವಾಗಿ ಆಪ್ಟಿಮಮ್‌ನಿಂದ ಎರಡು ಶೇಕಡಾ ಆಚೀಚೆ ಬಿಡುವ ಸಡಿಲಿಕೆ ಯಾಕೆ ನಡೆಯುತ್ತೆ ಅನ್ನೋದು ಈ ಲೆಕ್ಕದಲ್ಲೇ ಕಾಣುತ್ತೆ.

ತುದಿ ಇರುವುದು 0.1089 / (2 × 0.00254) = 21.4 ಶೇಕಡಾದಲ್ಲಿ, ಅಲ್ಲಿಯ ಸಾಂದ್ರತೆ 1.557. ಟೇಬಲ್ ನೋಡಿ ‘ಅತಿ ದೊಡ್ಡ ಅಂಕಿ 23ರಲ್ಲಿದೆ, ಹಾಗಾಗಿ ಆಪ್ಟಿಮಮ್ 23’ ಅನ್ನುವವರಿಗಿಂತ ಇದು ಒಂದೂವರೆ ಶೇಕಡಾ ಕಡಿಮೆ. ಹಾಗಂತ 21.4 ಅಂತ ಒಂದೇ ಅಂಕಿ ಬರೆದು ಸುಮ್ಮನಾಗೋದೂ ಸರಿಯಲ್ಲ. ಐದು ಬಿಂದು, ಮೂರು ಗುಣಾಂಕ. ಉಳಿದ ಡಿಗ್ರೀಸ್ ಆಫ್ ಫ್ರೀಡಂ ಎರಡೇ. ತುದಿ ಎರಡು ಗುಣಾಂಕಗಳ ಭಾಗಾಕಾರ, ಎರಡರಲ್ಲೂ ಅಲುಗಾಟ ಇದೆ. ಇಂಥ ಭಾಗಾಕಾರಕ್ಕೆಂದೇ ಇರುವ ಫೀಲರ್ ವಿಧಾನದಲ್ಲಿ ಲೆಕ್ಕ ಹಾಕಿದರೆ 95 ಶೇಕಡಾ ವ್ಯಾಪ್ತಿ 20.6ರಿಂದ 23.1. ಬಲಗಡೆಗೆ ಹೆಚ್ಚು ಚಾಚಿಕೊಂಡಿದೆ ನೋಡಿ, 21.4ರ ಎರಡೂ ಕಡೆ ಸಮ ಇಲ್ಲ. ಅಂದರೆ 23 ಅಂದವರನ್ನು ಪೂರ್ತಿ ತಳ್ಳಿಹಾಕೋಕೂ ಆಗಲ್ಲ.

ಇನ್ನೊಂದು ಪರೀಕ್ಷೆ ಮಾಡಲೇಬೇಕು. ವರ್ಗಪದ ಸಿಗ್ನಿಫಿಕೆಂಟ್ ಬಂತು ಅಂದಮಾತ್ರಕ್ಕೆ ಗುಡ್ಡ ಇದೆ ಅಂತಲ್ಲ. ಏರುತ್ತಲೇ ಹೋಗಿ ಕೊನೆಯಲ್ಲಿ ನಿಧಾನವಾಗುವ ಸಂಬಂಧಕ್ಕೂ ಮೈನಸ್ ಗುಣಾಂಕ ಬರುತ್ತೆ. ಅದಕ್ಕೆ ಡೇಟಾದ ಎರಡೂ ತುದಿಗಳಲ್ಲಿ ಇಳಿಜಾರು ನೋಡಬೇಕು. ನಮ್ಮಲ್ಲಿ 14ರ ಹತ್ತಿರ +0.038, 26ರ ಹತ್ತಿರ −0.023, ಎರಡರ ಸ್ಟ್ಯಾಂಡರ್ಡ್ ಎರರ್ರೂ ಸುಮಾರು 0.0034. ಒಂದು ಕಡೆ ಖಚಿತವಾಗಿ ಏರು, ಇನ್ನೊಂದು ಕಡೆ ಖಚಿತವಾಗಿ ಇಳಿಜಾರು. ಅದೇ ಹುಡುಗರು 20ಕ್ಕೇ ಟೆಸ್ಟ್ ನಿಲ್ಲಿಸಿ ಮನೆಗೆ ಹೋಗಿದ್ದರೆ? ಮೂರು ಬಿಂದುಗಳ ಮೂಲಕ ಪರಬೋಲ ಪಕ್ಕಾ ಹಾದುಹೋಗುತ್ತೆ, ಆರ್-ಸ್ಕ್ವೇರ್ 1 ಅಂತ ಹೊಳೆಯುತ್ತೆ, ತುದಿ 23.5ರಲ್ಲಿ ಅನ್ನುತ್ತೆ. ಆ ಜಾಗದಲ್ಲಿ ಒಂದೂ ಅಳತೆ ಇಲ್ಲ. ಅದು ಫಲಿತಾಂಶ ಅಲ್ಲ, ಊಹೆ.

ಪರಬೋಲ ಎರಡೂ ಕಡೆ ಒಂದೇ ಥರ ಇಳಿಯುತ್ತೆ, ಮಣ್ಣು ಹಾಗಲ್ಲ. ಹಸಿ ಕಡೆಯ ಇಳಿಜಾರು ಗಾಳಿಯೇ ಇಲ್ಲದ ಸ್ಥಿತಿಯ ರೇಖೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಸಾಗುತ್ತೆ. ನಮ್ಮ ಸಮೀಕರಣಕ್ಕೆ 35 ಶೇಕಡಾ ಕೊಟ್ಟರೆ 1.09 ಅನ್ನುತ್ತೆ, ಕಣಗಳ ಸಾಪೇಕ್ಷ ಸಾಂದ್ರತೆ 2.70 ಅಂತ ಇಟ್ಟುಕೊಂಡರೆ ಗಾಳಿಯಿಲ್ಲದ ರೇಖೆ ಅಲ್ಲಿ 1.39ರಲ್ಲಿದೆ. ಅಷ್ಟು ಕೆಳಗೆ ಬೀಳಲು ಕಾರಣವೇ ಇಲ್ಲ. ಹಾಗೆಯೇ ಹೊಳಲ್ಕೆರೆ, ಹೊಸದುರ್ಗ ಕಡೆಯ ಕೆಂಪು ಮಣ್ಣಿನ ಬಿಂದುಗಳನ್ನು ಎರೆ ಮಣ್ಣಿನದರ ಜೊತೆ ಸೇರಿಸಿ ಒಂದೇ ಪರಬೋಲ ಎಳೆದರೆ, ಬರುವ ತುದಿ ಎರಡಕ್ಕೂ ಸೇರದು. ಜೇಡಿ ಕಡಿಮೆ ಇರುವ ಮಣ್ಣಿನ ತುದಿ ಎಡಕ್ಕೆ, ಮೇಲಕ್ಕೆ ಇರುತ್ತೆ. ಮಣ್ಣಿಗೊಂದು ಗುಡ್ಡ.

ಹಾಗಾದರೆ ರಿಪೋರ್ಟಿನಲ್ಲಿ ಏನು ಬರೀಬೇಕು? ನಾನಾದರೆ ಹೀಗೆ ಬರೀತೀನಿ: “ತೇವಾಂಶ 14ರಿಂದ 26 ಶೇಕಡಾ, ಐದು ಬಿಂದು. 20ರಲ್ಲಿ ಕೇಂದ್ರೀಕರಿಸಿದ ವರ್ಗ ಮಾದರಿ, ವರ್ಗಪದ −0.00254, ಸ್ಟ್ಯಾಂಡರ್ಡ್ ಎರರ್ 0.00027, ಪಿ-ವ್ಯಾಲ್ಯೂ 0.011. ಸಾಂದ್ರತೆ 21.4 ಶೇಕಡಾದವರೆಗೆ (95 ಶೇಕಡಾ ವ್ಯಾಪ್ತಿ 20.6–23.1) ಏರಿ ನಂತರ ಇಳಿಯುತ್ತದೆ, ಗರಿಷ್ಠ 1.56 ಗ್ರಾಂ/ಸಿಸಿ.” ಜೊತೆಗೆ ಐದೂ ಬಿಂದು ಕಾಣುವ ಗ್ರಾಫ್, ವಕ್ರರೇಖೆಯನ್ನು 14ಕ್ಕಿಂತ ಹಿಂದಕ್ಕೂ 26ಕ್ಕಿಂತ ಮುಂದಕ್ಕೂ ಎಳೆಯದೆ.

ಸಿವಿಲ್‌ನವರಿಗೆ ಒಂದು ಕೊಸರು: ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತೆ, ಹಾಗಾಗಿ ಅದನ್ನು ತುದಿಗಿಂತ ಸ್ವಲ್ಪ ಹಸಿ ಕಡೆಯಲ್ಲೇ ಕೂರಿಸುವುದುಂಟು. ಆಗ ಬೇಕಾಗೋದು ಬರೀ ತುದಿಯ ಅಂಕಿ ಅಲ್ಲ. ತುದಿಯಿಂದ ಎರಡು ಶೇಕಡಾ ಬಲಕ್ಕೆ ಹೋದರೆ ಎಷ್ಟು ಸಾಂದ್ರತೆ ಬಿಟ್ಟುಕೊಡ್ತೀವಿ ಅನ್ನುವ ಆ 0.01.